ಮಾಡಿದವರು ಯಾರು, ಮಾಡಿಸಿದವರು ಯಾರು?

(ಸಂಘದ ಮೇಲಿನ ಕನ್ನಡ ತರಗತಿಯ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಮಾಡಿದ ಭಾಷಣದ ಬರಹರೂಪ)



ಈ ಸಂಜೆ ನಾನು ಒಂದು ಕಾಗದದಿಂದ ಮಾತು ಪ್ರಾರಂಭಿಸುತ್ತೇನೆ. ನಮ್ಮ ಶನಿವಾರದ ತರಗತಿಯ ಮಕ್ಕಳು ಹೊಸಬರಲ್ಲ. ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ, ಪುಸ್ತಕವನ್ನು ತಡವರಿಸದೆ ಓದುತ್ತಾರೆ, ಒತ್ತಕ್ಷರ ತಪ್ಪುವುದಿಲ್ಲ. ಅವರಿಗೆ ಊರಿನಲ್ಲಿರುವ ಅಜ್ಜಿ ತಾತಂದಿರಿಗೆ ಕಾಗದ ಬರೆಯುವ ಅಭ್ಯಾಸ ಮಾಡಿಸುತ್ತೇನೆ. ಅವರಲ್ಲಿ ಒಬ್ಬ ಹುಡುಗಿ ತೀರ್ಥಹಳ್ಳಿಯ ಅಜ್ಜಿಗೆ ಬರೆದ ಕಾಗದ ಹೀಗಿತ್ತು:

“ಅಜ್ಜಿಗೆ ನಮಸ್ಕಾರಗಳು. ಹೋದ ಭಾನುವಾರ ಅಪ್ಪ ನನ್ನ ಹಲ್ಲು ಕಿತ್ತರು. ಬಹಳ ರಕ್ತ ಬಂತು. ಹಬ್ಬಕ್ಕೆ ಅಮ್ಮ ನನಗೆ ರೇಷ್ಮೆ ಲಂಗ ಹೊಲಿದಳು. ನಾವು ಮನೆಗೆ ಬಣ್ಣ ಹೊಡೆದೆವು. ಸ್ಕೂಲಿನಲ್ಲಿ ಹೊಸ ಟೀಚರು ನಮಗೆ ಇತಿಹಾಸ ಓದಿಸುತ್ತಾರೆ. ಬಜಾರಿನಲ್ಲಿ ಅಮ್ಮ ಪರ್ಸು ಕದಿಸಿದಳು. ಇಂತಿ ನಿನ್ನ ಮೊಮ್ಮಗಳು.”

ಕಾಗದ ಊರಿಗೆ ತಲಪಿತು. ಅಜ್ಜಿ ಎರಡು ಸಲ ಓದಿಕೊಂಡರು. ಮಗ ತಾನೇ ಹಲ್ಲು ಕೀಳುತ್ತಾನಂತೆ, ಸೊಸೆ ತಾನೇ ಬಟ್ಟೆ ಹೊಲಿಯುತ್ತಾಳಂತೆ, ಎಲ್ಲರೂ ಸೇರಿ ಗೋಡೆಗೆ ಬಣ್ಣ ಬಳಿಯುತ್ತಾರಂತೆ! ದೆಹಲಿಯಲ್ಲಿ ಮಗನ ಕೈ ಬಹಳ ಕಟ್ಟಿಹೋಗಿದೆ, ನಮಗೆ ಹೇಳಿಕೊಳ್ಳುತ್ತಿಲ್ಲ ಎಂದು ಆ ಮುದಿಜೀವ ಅಂದುಕೊಂಡಿತು. ಅಡಿಕೆ ಮಾರಿದ ಹಣದಲ್ಲಿ ತಮಗೆಂದು ಎತ್ತಿಟ್ಟಿದ್ದ ಐದು ಸಾವಿರ ರೂಪಾಯಿಯನ್ನು ಇನ್ನೊಬ್ಬ ಮಗನ ಕೈಲಿ ದೆಹಲಿಗೆ ಕಳುಹಿಸಿಯೇ ಬಿಟ್ಟರು. “ಮಗುವಿನ ಹಲ್ಲಿಗೆ ಡಾಕ್ಟರ ಹತ್ತಿರ ಹೋಗಪ್ಪಾ, ನೀನು ಕೈ ಹಾಕಬೇಡ” ಎಂದು ಹೇಳಿಕಳುಹಿಸಿದರು. ಪರ್ಸಿನ ಮಾತನ್ನು ಮಾತ್ರ ಸೊಸೆಯ ಮರ್ಯಾದೆಗೆ ಅಂಜಿ ಎತ್ತಲಿಲ್ಲ. ಏಕೆಂದರೆ ಕಾಗದದಲ್ಲಿ ಇದ್ದಂತೆ ಓದಿದರೆ, ಸೊಸೆ ಯಾರ ಕೈಲೋ ಕಳ್ಳತನ ಮಾಡಿಸಿದ್ದಳು.

ನೀವೆಲ್ಲ ನಕ್ಕಿರಿ. ಆ ಮನೆಯಲ್ಲಿಯೂ ಆಮೇಲೆ ನಕ್ಕರು. ಆದರೆ ಹುಡುಗಿಯ ಅಕ್ಷರದಲ್ಲಿ ತಪ್ಪಿಲ್ಲ, ವಿಭಕ್ತಿಯಲ್ಲಿ ತಪ್ಪಿಲ್ಲ, ಶಬ್ದಭಂಡಾರದಲ್ಲಿಯೂ ಕೊರತೆಯಿಲ್ಲ. ಕೊರತೆಯಿರುವುದು ಒಂದೇ ಒಂದು ಪ್ರತ್ಯಯದ ಬಳಕೆಯಲ್ಲಿ. ಅದು ಎರಡೇ ಅಕ್ಷರದ ‘ಇಸು’. ಇಂದಿನ ನನ್ನ ಮಾತೆಲ್ಲ ಅದರ ಸುತ್ತಲೇ.

ಒಂದು ಕೆಲಸವನ್ನು ಕರ್ತೃ ತಾನೇ ಮಾಡಿದರೆ ‘ಮಾಡಿದನು’. ಇನ್ನೊಬ್ಬರನ್ನು ಪ್ರೇರಿಸಿ ಅವರಿಂದ ಆಗಮಾಡಿದರೆ ‘ಮಾಡಿಸಿದನು’. ವ್ಯಾಕರಣದವರು ಇದನ್ನು ಪ್ರೇರಣಾರ್ಥಕ ಎನ್ನುತ್ತಾರೆ. ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ಬರೆದ ಕೇಶಿರಾಜನೂ ಈ ‘ಇಸು’ವಿನ ಲಕ್ಷಣ ಹೇಳಿದ್ದಾನೆ. ರೂಪ ಮಾಡುವುದು ಬಲು ಸುಲಭ. ಉಕಾರದಲ್ಲಿ ಮುಗಿಯುವ ಧಾತುವಾದರೆ ಆ ಉಕಾರ ಬಿದ್ದುಹೋಗುತ್ತದೆ: ಮಾಡು ಮಾಡಿಸು, ಕಟ್ಟು ಕಟ್ಟಿಸು, ಓದು ಓದಿಸು, ಕೀಳು ಕೀಳಿಸು. ಇಕಾರ ಎಕಾರಗಳಲ್ಲಿ ಮುಗಿಯುವ ಧಾತುವಾದರೆ ಹಳೆಯ ಕಾಲದಲ್ಲಿ ನಡುವೆ ಒಂದು ಯಕಾರ ಬರುತ್ತಿತ್ತು: ಬರೆಯಿಸು, ಹೊಲಿಯಿಸು. ಈಗ ಅದು ಸವೆದು ಬರೆಸು, ಹೊಲಿಸು, ತೊಳೆಸು ಆಗಿದೆ. ಈ ದಾರಿ ಬಿಟ್ಟು ನಡೆಯುವ ಕೆಲವು ಇವೆ. ಅವನ್ನು ಬಾಯಿಪಾಠ ಮಾಡಬೇಕು. ‘ಏಳು’ ಎಂಬುದಕ್ಕೆ ‘ಏಳಿಸು’ ಎಂದು ಮಕ್ಕಳು ಹೇಳುತ್ತಾರೆ, ಬಳಕೆಯಲ್ಲಿರುವುದು ‘ಎಬ್ಬಿಸು’. ‘ಹೋಗು’ ಎಂಬುದಕ್ಕೆ ‘ಹೋಗಿಸು’ ಎನ್ನುವವರು ವಿರಳ. ‘ಕಳುಹಿಸು’ ಎಂಬ ಬೇರೆಯ ಮಾತೇ ಆ ಜಾಗದಲ್ಲಿ ನಿಂತಿದೆ.

ಈ ಎರಡಕ್ಷರಕ್ಕೆ ನಮ್ಮ ನಾಡಿನಲ್ಲಿ ಎಂತಹ ಗೌರವವಿದೆ ಎಂಬುದನ್ನು ನೋಡಬೇಕಾದರೆ ಶ್ರವಣಬೆಳಗೊಳದ ಬೆಟ್ಟ ಹತ್ತಬೇಕು. ಹತ್ತನೆಯ ಶತಮಾನದ ಕೊನೆಯಲ್ಲಿ ಗಂಗರ ಮಂತ್ರಿಯಾಗಿದ್ದ ಚಾವುಂಡರಾಯ ಅಲ್ಲಿ ಸುಮಾರು 58 ಅಡಿ ಎತ್ತರದ ಗೊಮ್ಮಟನನ್ನು ನಿಲ್ಲಿಸಿದ. ಆ ಮೂರ್ತಿಯ ಕಾಲಬಳಿ ಮೂರು ಭಾಷೆಗಳಲ್ಲಿ ಒಂದೇ ಮಾತನ್ನು ಕೆತ್ತಿದೆ. ಕನ್ನಡದಲ್ಲಿ “ಶ್ರೀ ಚಾಮುಂಡರಾಜಂ ಮಾಡಿಸಿದಂ”. ತಮಿಳಿನಲ್ಲಿ ಕ್ರಿಯಾಪದ “ಸೆಯ್‌ವಿತ್ತಾನ್”. ಮರಾಠಿಯಲ್ಲಿ “ಕರವಿಯಲೇಂ”. ಮೂರೂ ಪ್ರೇರಣಾರ್ಥಕವೇ. ‘ಮಾಡಿದಂ’ ಎಂದು ಬರೆದಿದ್ದರೆ ಒಂದು ಅಕ್ಷರ ಕೆತ್ತುವ ಶ್ರಮ ಉಳಿಯುತ್ತಿತ್ತು; ಆದರೆ ಆ ಮಾತು ಸುಳ್ಳಾಗುತ್ತಿತ್ತು. ಉಳಿ ಹಿಡಿದವನು ಮಂತ್ರಿಯಲ್ಲ. ಆ ‘ಸಿ’ ಎಂಬ ಒಂದು ಅಕ್ಷರದೊಳಗೆ ಹೆಸರು ತಿಳಿಯದ ಶಿಲ್ಪಿಗಳೆಲ್ಲ ನಿಂತಿದ್ದಾರೆ. ಮುಂದೆ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಮೂರ್ತಿಯ ಸುತ್ತಣ ಕಟ್ಟಡ ಕಟ್ಟಿಸಿದಾಗಲೂ ‘ಮಾಡಿಸಿದ’ ಎಂದೇ ಬರೆಸಿದ. ವಿಷ್ಣುವರ್ಧನ 1117ರಲ್ಲಿ ಬೇಲೂರಿನ ಗುಡಿ ಕಟ್ಟಿಸಿದ. ಅಲ್ಲಿ ಬಳ್ಳಿಗಾವೆಯ ದಾಸೋಜನಂತಹ ಶಿಲ್ಪಿಗಳು ತಾವು ಕಡೆದ ಶಿಲ್ಪಗಳ ಕೆಳಗೆ ತಮ್ಮ ಹೆಸರನ್ನು ಕೆತ್ತಿದ್ದಾರೆ. ಮಾಡಿಸಿದವನಿಗೂ ಮಾಡಿದವನಿಗೂ ಬೇರೆ ಬೇರೆ ಸ್ಥಾನ ಕೊಡುವುದು ಹೀಗೆ.

ಬೆಳಗೊಳದ ಆ ‘ಕರವಿಯಲೇಂ’ ನಮ್ಮ ದೆಹಲಿಯ ಮಕ್ಕಳಿಗೆ ತೀರ ಅಪರಿಚಿತವಲ್ಲ. ಅವರು ದಿನವೂ ಆಡುವ ಹಿಂದಿಯ ‘ಕರ್‌ವಾಯಾ’ ಅದರ ನಂಟನೇ. ಕೆಂಪು ಕೋಟೆಯನ್ನು 1639ರಿಂದ 1648ರವರೆಗೆ ಕಟ್ಟಿದವರು ಉಸ್ತಾದ್ ಅಹಮದ್, ಉಸ್ತಾದ್ ಹಮೀದ್ ಮೊದಲಾದ ಕುಶಲಿಗಳು, ಕಟ್ಟಿಸಿದವನು ಷಹಜಹಾನ್. ಹಿಂದಿಯ ಪಾಠದಲ್ಲಿ ಹುಡುಗಿ ತಪ್ಪದೆ ‘ಬನ್‌ವಾಯಾ’ ಎಂದು ಬರೆಯುತ್ತಾಳೆ. ಅದೇ ಹುಡುಗಿ ಕನ್ನಡದಲ್ಲಿ ‘ಷಹಜಹಾನ್ ಕೋಟೆ ಕಟ್ಟಿದನು’ ಎಂದು ಬಾದಷಹನ ಕೈಗೆ ಕರಣೆ ಕೊಡುತ್ತಾಳೆ. ಭಾವನೆ ಅವಳಲ್ಲಿದೆ, ಕನ್ನಡದ ಬಾಗಿಲು ಮಾತ್ರ ಸಿಕ್ಕಿಲ್ಲ. ಆದುದರಿಂದ ಮನೆಯಲ್ಲಿ ತಂದೆತಾಯಿಗಳು ಮಾಡಬಹುದಾದ ಮೊದಲ ಪರೀಕ್ಷೆ ಇದು: ಮಗು ‘ಹಲ್ಲು ಕಿತ್ತರು’ ಎಂದಾಗ “ಹಿಂದಿಯಲ್ಲಿ ಹೇಳು ನೋಡೋಣ” ಎನ್ನಿ. ‘ನಿಕಾಲಾ’ ಎಂದರೆ ಕಿತ್ತರು; ‘ನಿಕಲ್‌ವಾಯಾ’ ಎಂದರೆ ಕೀಳಿಸಿದರು. ಆ ‘ವಾ’ ಕೇಳಿಸಿದ ಕಡೆ ಕನ್ನಡದಲ್ಲಿ ‘ಇಸು’ ಇರಬೇಕು.

ಇಷ್ಟರಿಂದ ಕಾಗದದ ಮೊದಲ ಮೂರು ತಪ್ಪುಗಳು ನೇರವಾಗುತ್ತವೆ. ಅಪ್ಪ ಹಲ್ಲು ಕೀಳಿಸಿದರು, ಅಮ್ಮ ಲಂಗ ಹೊಲಿಸಿದಳು, ನಾವು ಮನೆಗೆ ಬಣ್ಣ ಹೊಡೆಸಿದೆವು.

ಆದರೆ ನಾಲ್ಕನೆಯ ತಪ್ಪು ಇದಕ್ಕೆ ತಿರುಗುಮುರುಗು. ‘ಟೀಚರು ನಮಗೆ ಇತಿಹಾಸ ಓದಿಸುತ್ತಾರೆ’ ಎಂಬಲ್ಲಿ ‘ಇಸು’ ಇದೆ, ಇದ್ದೂ ತಪ್ಪಾಗಿದೆ. ಇದು ಹಿಂದಿಯ ‘ಪಢಾತೀ ಹೈ’ ಎಂಬುದರ ನೆರಳು. ಹಿಂದಿಯಲ್ಲಿ ಒಂದೊಂದು ಧಾತುವಿಗೆ ಸಾಮಾನ್ಯವಾಗಿ ಮೂರು ಮೆಟ್ಟಿಲು: ಪಢ್‌ನಾ, ಪಢಾನಾ, ಪಢ್‌ವಾನಾ, ಪೀನಾ, ಪಿಲಾನಾ, ಪಿಲ್‌ವಾನಾ. ಕನ್ನಡದಲ್ಲಿ ಇರುವುದು ಎರಡೇ: ಓದು, ಓದಿಸು, ಕುಡಿ, ಕುಡಿಸು. ‘ಕುಡಿಸಿಸು’ ಎಂಬ ಮೂರನೆಯ ಮೆಟ್ಟಿಲನ್ನು ನಮ್ಮವರು ಹತ್ತುವುದಿಲ್ಲ. ಹಾಗಾದರೆ ತಾಯಿ ತಾನು ಕಚೇರಿಗೆ ಹೊರಟು, ಕೆಲಸದಾಕೆಗೆ ಹೇಳಿ, ಅವಳು ಮಗುವಿಗೆ ಹಾಲು ಕುಡಿಸುವಂತೆ ಮಾಡಿದರೆ ಕನ್ನಡದಲ್ಲಿ ಏನೆನ್ನಬೇಕು? “ಕೆಲಸದಾಕೆ ಕೈಲಿ ಮಗುವಿಗೆ ಹಾಲು ಕುಡಿಸಿದಳು.” ಕ್ರಿಯಾಪದ ಅಲ್ಲಾಡಲಿಲ್ಲ, ‘ಕೈಲಿ’ ಎಂಬ ಒಂದು ಮಾತು ಸೇರಿತು. ಹಿಂದಿ ಕ್ರಿಯಾಪದದಲ್ಲಿ ಮಾಡುವ ಕೆಲಸವನ್ನು ಇಲ್ಲಿ ಕನ್ನಡ ನಾಮಪದದಲ್ಲಿ ಮಾಡುತ್ತದೆ. ಈ ಒಂದು ಗುಟ್ಟು ತಿಳಿದರೆ ಮೇಲಿನ ತರಗತಿಯ ವಿದ್ಯಾರ್ಥಿಗೆ ಅರ್ಧ ದಾರಿ ಕಳೆದಂತೆ.

ಉಳಿದರ್ಧ ದಾರಿ ಯಾವುದು? ಕೆಲಸವನ್ನು ನಿಜವಾಗಿ ಮಾಡಿದವರ ಹೆಸರಿಗೆ ಯಾವ ಪ್ರತ್ಯಯ ಹಚ್ಚಬೇಕೆಂಬುದು. ಇದಕ್ಕೆ ಮೂರು ಬಗೆಯಿದೆ.

ಮೊದಲನೆಯದು, ಕರ್ಮವಿಲ್ಲದ ಕ್ರಿಯೆ. ಮಲಗುವುದು, ನಗುವುದು, ಏಳುವುದು, ಓಡುವುದು. ಇಲ್ಲಿ ಮಾಡುವವರಿಗೆ ‘ಅನ್ನು’ ಬರುತ್ತದೆ: ಮಗುವನ್ನು ಮಲಗಿಸಿದೆ, ತಾತನನ್ನು ನಗಿಸಿದೆ, ತಮ್ಮನನ್ನು ಎಬ್ಬಿಸಿದೆ.

ಎರಡನೆಯದು, ಮಾಡುವವರ ಒಳಗೋ ಮೈಮೇಲೋ ಹೋಗಿ ಸೇರುವ ಕ್ರಿಯೆ. ಉಣ್ಣುವುದು, ಕುಡಿಯುವುದು, ಉಡುವುದು, ತೊಡುವುದು, ಕಲಿಯುವುದು. ಇಲ್ಲಿ ‘ಗೆ’ ಅಥವಾ ‘ಇಗೆ’: ಮಗುವಿಗೆ ಹಾಲು ಕುಡಿಸಿದೆ, ಮಗಳಿಗೆ ಲಂಗ ಉಡಿಸಿದೆ, ಮೊಮ್ಮಗನಿಗೆ ಮಗ್ಗಿ ಕಲಿಸಿದೆ. ಊಟ ಹೊಟ್ಟೆಗೆ ಸೇರುವ ಹಾಗೆ ವಿದ್ಯೆ ತಲೆಗೆ ಸೇರುತ್ತದೆಂದು ಭಾಷೆ ಎಣಿಸಿದೆ.

ಮೂರನೆಯದು, ಮಾಡುವವರ ಕೈಯಿಂದ ಹೊರಗಣ ವಸ್ತುವಿನ ಮೇಲೆ ನಡೆಯುವ ಕೆಲಸ. ಹೊಲಿಯುವುದು, ಕಟ್ಟುವುದು, ಬರೆಯುವುದು, ತೊಳೆಯುವುದು. ಇಲ್ಲಿ ‘ಇಂದ’ ಅಥವಾ ‘ಕೈಲಿ’: ದರ್ಜಿಯಿಂದ ಲಂಗ ಹೊಲಿಸಿದೆ, ದರ್ಜಿ ಕೈಲಿ ಹೊಲಿಸಿದೆ. ಧಾರವಾಡದ ಕಡೆಯ ಗೆಳೆಯರು ‘ದರ್ಜಿ ಕಡೆಯಿಂದ’ ಎನ್ನುತ್ತಾರೆ, ಕರಾವಳಿಯವರು ‘ದರ್ಜಿ ಹತ್ತಿರ’ ಎನ್ನುತ್ತಾರೆ. ದೆಹಲಿಯ ಒಂದೇ ಓಣಿಯಲ್ಲಿ ಈ ಮೂರೂ ಕೇಳಿಬರುತ್ತವೆ. ಮೂರೂ ಕನ್ನಡವೇ, ಯಾವುದನ್ನೂ ತಿದ್ದಬೇಕಾದ್ದಿಲ್ಲ. ಆದರೆ ‘ದರ್ಜಿಗೆ ಲಂಗ ಹೊಲಿಸಿದೆ’ ಎಂದರೆ ಅರ್ಥವೇ ಬೇರೆ. ಆಗ ಆ ಲಂಗ ಉಡುವವನು ದರ್ಜಿಯೇ ಆಗುತ್ತಾನೆ.

ಈಗ ‘ಓದಿಸು’ ಎಂಬ ಆ ತೊಡಕಿನ ಪದಕ್ಕೆ ಬರೋಣ. “ಸಾಲ ಸೋಲ ಮಾಡಿ ಮಗನನ್ನು ಓದಿಸಿದರು” ಎಂದರೆ ಅವನ ವಿದ್ಯಾಭ್ಯಾಸದ ಹೊರೆ ಹೊತ್ತರು ಎಂದರ್ಥ. ಇಲ್ಲಿ ಓದುವುದೆಂದರೆ ವ್ಯಾಸಂಗ. ಅದಕ್ಕೆ ಬೇರೆ ಕರ್ಮವಿಲ್ಲ, ಆದುದರಿಂದ ‘ಅನ್ನು’. “ಮಗನ ಕೈಲಿ ಕಾಗದ ಓದಿಸಿದರು” ಎಂದರೆ ಕನ್ನಡಕ ಮರೆತು ಬಂದಿದ್ದರು, ಮಗ ಓದಿ ಹೇಳಿದ ಎಂದರ್ಥ. ಇಲ್ಲಿ ಓದುವುದು ಕಾಗದದ ಮೇಲಿನ ಕೆಲಸ, ಆದುದರಿಂದ ‘ಕೈಲಿ’. ಪಾಠ ಹೇಳುವ ಉಪಾಧ್ಯಾಯರಿಗೆ ಈ ಎರಡೂ ಹೊಂದುವುದಿಲ್ಲ. ಅವರು ನಮಗೆ ಇತಿಹಾಸ ಕಲಿಸುತ್ತಾರೆ, ಹೇಳಿಕೊಡುತ್ತಾರೆ, ಇಲ್ಲವೆ ಇತಿಹಾಸದ ಪಾಠ ಮಾಡುತ್ತಾರೆ. ಹಿಂದಿಯ ‘ಪಢಾನಾ’ ಒಂದೇ ಪದವಾಗಿ ಹೊರುವ ಅರ್ಥಗಳನ್ನು ನಾವು ಬೇರೆ ಬೇರೆ ಪದಗಳಿಗೆ ಹಂಚಿದ್ದೇವೆ. ಇಂತಹ ಕಡೆ ರೂಪಕ್ಕೆ ರೂಪ ಹೊಂದಿಸುವುದಕ್ಕೆ ಹೋಗದೆ, ನಡೆದದ್ದೇನು ಎಂದು ಕೇಳಿಕೊಳ್ಳಬೇಕು.

ಇನ್ನು ಅದೇ ‘ಇಸು’ವಿನ ಜೊತೆಗೆ ಬಂದು ಸೇರುವ ಎರಡು ಸಣ್ಣ ಕ್ರಿಯೆಗಳಿವೆ: ಕೊಳ್ಳು ಮತ್ತು ಕೊಡು. ಮಾಡಿಸಿದ ಕೆಲಸದ ಫಲ ಯಾರಿಗೆ ಸೇರಿತೆಂಬುದನ್ನು ಅವು ಹೇಳುತ್ತವೆ. ಮಗುವಿನ ಫೋಟೋ ತೆಗೆಸಿದೆ. ನನ್ನ ಫೋಟೋ ತೆಗೆಸಿಕೊಂಡೆ. ಅಜ್ಜಿಗೆ ಕನ್ನಡಕ ಮಾಡಿಸಿಕೊಟ್ಟೆ. ಕ್ಷೌರದಂಗಡಿಯಿಂದ ಬಂದ ಹುಡುಗ ‘ಕೂದಲು ಕತ್ತರಿಸಿದೆ’ ಎಂದರೆ ಯಾರದೋ ಕೂದಲನ್ನು ಅವನು ಕತ್ತರಿಸಿ ಬಂದಂತೆ. ‘ಕ್ಷೌರ ಮಾಡಿಸಿಕೊಂಡೆ’ ಎನ್ನಬೇಕು. ತನ್ನ ಮೈಗೆ, ತನ್ನ ಸ್ವಂತಕ್ಕೆ ಸಂಬಂಧಿಸಿದ್ದಾದರೆ ಈ ‘ಕೊಳ್ಳು’ ಬಿಟ್ಟ ಮಾತು ಅರೆಯಾಗಿ ಕೇಳಿಸುತ್ತದೆ.

ಆ ‘ಕತ್ತರಿಸು’ ಎಂಬುದರಲ್ಲಿಯೂ ಒಂದು ಮೋಸವಿದೆ. ಕೊನೆಯಲ್ಲಿ ‘ಇಸು’ ಇದ್ದರೂ ಅದು ಇನ್ನೊಬ್ಬರಿಂದ ಮಾಡಿಸುವ ಇಸುವಲ್ಲ. ‘ಕತ್ತರಿ’ ಎಂಬ ನಾಮಪದವನ್ನು ಕ್ರಿಯಾಪದವಾಗಿ ಮಾಡಿದ ಇಸು. ಪ್ರೀತಿಸು, ಪ್ರಾರ್ಥಿಸು, ಯೋಚಿಸು ಎಂಬವುಗಳೂ ಹಾಗೆಯೇ. ಪ್ರೀತಿಸುವವನು ತಾನೇ ಪ್ರೀತಿಸುತ್ತಾನೆ, ಬೇರೆಯವರಿಂದ ಮಾಡಿಸುವುದಿಲ್ಲ! ಗುರುತಿಸುವ ಉಪಾಯ ಸುಲಭ. ‘ಇಸು’ವನ್ನು ತೆಗೆದುಹಾಕಿ ನೋಡಿ. ಉಳಿದದ್ದು ಮಾಡು, ಹೊಲಿ ಎಂಬಂತೆ ಒಬ್ಬರಿಗೆ ಆಜ್ಞೆ ಮಾಡಬಹುದಾದ ಮಾತಾದರೆ ಅದು ಸಾಮಾನ್ಯವಾಗಿ ಪ್ರೇರಣಾರ್ಥಕ. ಪ್ರೀತಿ, ಕತ್ತರಿ ಎಂಬಂತೆ ಹೆಸರು ಉಳಿದರೆ ಅಲ್ಲ. ಈ ಪರೀಕ್ಷೆಗೂ ಸಿಕ್ಕದೆ ನುಣುಚಿಕೊಳ್ಳುವ ಒಂದೆರಡಿವೆ: ‘ದೂರದಲ್ಲಿ ಗಂಟೆ ಕೇಳಿಸಿತು’ ಎಂಬಲ್ಲಿ ಗಂಟೆ ಯಾರನ್ನೂ ಪ್ರೇರಿಸಲಿಲ್ಲ, ತಾನಾಗಿ ಕಿವಿಗೆ ಬಿತ್ತು. ಹೀಗೆ ಮೊದಲೇ ‘ಇಸು’ ಇರುವ ಕ್ರಿಯೆಯನ್ನು ಇನ್ನೊಬ್ಬರಿಂದ ಮಾಡಿಸಬೇಕಾದರೆ ಅದರ ಮೇಲೆ ಮತ್ತೊಂದು ‘ಇಸು’ ಹೇರುವಂತಿಲ್ಲ. ‘ಯೋಚಿಸುವಂತೆ ಮಾಡಿದರು’, ‘ಪ್ರಾರ್ಥನೆ ಮಾಡಿಸಿದರು’ ಎಂದು ಸುತ್ತಿ ಬರಬೇಕು.

ಈಗ ಇಂಗ್ಲಿಷಿನ ಕಡೆಯಿಂದ ಬರುವ ತೊಂದರೆ. ಶಾಲೆಯಲ್ಲಿ ಮಕ್ಕಳಿಗೆ ‘ಹ್ಯಾವ್’ ಮತ್ತು ‘ಗೆಟ್’ ಎಂಬ ಎರಡು ಮಾತುಗಳಿಂದ ಈ ವಾಕ್ಯಗಳನ್ನು ಕಟ್ಟುವುದನ್ನು ಹೇಳಿಕೊಡುತ್ತಾರೆ. ‘ಹ್ಯಾವ್’ ಎಂದಾಗ ಸಾಮಾನ್ಯವಾಗಿ ಹೇಳಿದೊಡನೆ ಕೆಲಸ ಆಯಿತೆಂಬ ಧ್ವನಿ. ದುಡ್ಡು ಕೊಟ್ಟು ದರ್ಜಿಯಿಂದ ಹೊಲಿಸಿದ ಹಾಗೆ. ಒಬ್ಬರನ್ನು ‘ಗೆಟ್’ ಮಾಡಿ ಒಂದು ಕೆಲಸ ಮಾಡಿಸಿದರೆ, ಒಲಿಸುವ, ಒಪ್ಪಿಸುವ ಪ್ರಯಾಸ ಅದರ ಹಿಂದೆ ಇದ್ದಂತೆ. ಕನ್ನಡದ ‘ಇಸು’ ಈ ಎರಡನ್ನೂ ಹೊರುತ್ತದೆ. ಪ್ರಯಾಸವನ್ನು ಹೇಳಬೇಕಾದರೆ ಅದರ ಹಿಂದೆ ಒಂದು ಮಾತನ್ನು ಬಿಡಿಸಿ ಇಡುತ್ತೇವೆ. ಹೇಳಿ ಮಾಡಿಸಿದೆ, ಪುಸಲಾಯಿಸಿ ಮಾಡಿಸಿದೆ, ಗದರಿಸಿ ಮಾಡಿಸಿದೆ, ಕಾಡಿ ಬೇಡಿ ಮಾಡಿಸಿಕೊಂಡೆ. ಹೇಗೆ ಮಾಡಿಸಿದಿರಿ ಎಂಬುದನ್ನು ಕನ್ನಡ ಮುಚ್ಚಿಡದೆ ಮುಂದಿಡುತ್ತದೆ.

ಒಂದು ಎಚ್ಚರಿಕೆ. ‘ಮಾಡಿಸಿದೆ’ ಎಂದಮೇಲೆ ಕೆಲಸ ಮುಗಿದಿರಬೇಕು. ದರ್ಜಿಗೆ ಬಟ್ಟೆ ಕೊಟ್ಟು ಬಂದಿದ್ದೀರಿ, ಅವನು ಇನ್ನೂ ಕತ್ತರಿ ಮುಟ್ಟಿಲ್ಲ. ಆಗ ‘ಹೊಲಿಸಿದೆ’ ಎನ್ನಬಾರದು. ‘ಹೊಲಿಯಲು ಕೊಟ್ಟಿದ್ದೇನೆ’, ‘ಹೊಲಿಯಲು ಹೇಳಿದ್ದೇನೆ’ ಎನ್ನಬೇಕು. ‘ಹೊಲಿಸಿದೆ, ಆದರೆ ಅವನು ಹೊಲಿಯಲಿಲ್ಲ’ ಎಂಬ ವಾಕ್ಯ ತನ್ನ ಕಾಲನ್ನು ತಾನೇ ಮುರಿದುಕೊಳ್ಳುತ್ತದೆ. ಹಾಗೆಯೇ ಮಗು ತಾನಾಗಿ ಆಡಲು ಬಯಸಿ, ನೀವು ಅಡ್ಡಿಮಾಡದೆ ಇದ್ದರೆ ಅದು ‘ಆಡಿಸಿದೆ’ ಅಲ್ಲ, ‘ಆಡಲು ಬಿಟ್ಟೆ’. ಹೇಳುವುದು, ಬಿಡುವುದು, ಮಾಡಿಸುವುದು ಈ ಮೂರೂ ಬೇರೆ ಬೇರೆ.

ಇನ್ನು ಆ ಪರ್ಸಿನ ಸಂಗತಿ. ಇಂಗ್ಲಿಷಿನಲ್ಲಿ ಹಲ್ಲು ಕೀಳಿಸಿಕೊಂಡದ್ದಕ್ಕೂ ‘ಹ್ಯಾಡ್’, ಪರ್ಸು ಕಳವಾದದ್ದಕ್ಕೂ ‘ಹ್ಯಾಡ್’. ಒಂದು ನಾವು ಬಯಸಿ ಮಾಡಿಸಿದ್ದು, ಇನ್ನೊಂದು ನಮ್ಮ ಮೇಲೆ ಬಂದು ಬಿದ್ದದ್ದು. ಆ ಭಾಷೆ ಎರಡನ್ನೂ ಒಂದೇ ಅಚ್ಚಿನಲ್ಲಿ ಹೊಯ್ಯುತ್ತದೆ. ಕನ್ನಡದ ‘ಇಸು’ ಹಾಗಲ್ಲ. ಅದು ಕರ್ತೃವಿನ ಮೇಲೆ ಹೊಣೆ ಹೊರಿಸುತ್ತದೆ. ಆದುದರಿಂದ ‘ಪರ್ಸು ಕದಿಸಿದಳು’ ಎಂದರೆ ಕದಿಯಲು ಹೇಳಿದವಳು ಅವಳೇ ಆಗುತ್ತಾಳೆ. ‘ಅಮ್ಮನ ಪರ್ಸು ಕಳವಾಯಿತು’ ಎನ್ನಬೇಕು, ಇಲ್ಲವೆ ‘ಯಾರೋ ಕದ್ದರು’ ಎನ್ನಬೇಕು. ಆದರೂ ನಮಗೆ ಬೇಡವಾದ ಕೆಲವನ್ನು ನಾವು ‘ಇಸು’ ಹಾಕಿ ಹೇಳುವುದುಂಟು: ‘ಮೇಷ್ಟರಿಂದ ಬೈಸಿಕೊಂಡೆ’. ಯಾರೂ ಬೈಗುಳವನ್ನು ಕೇಳಿ ಪಡೆಯುವುದಿಲ್ಲ, ನಿಜ. ಆದರೆ ಆ ಮಾತಿನಲ್ಲಿ ‘ಬೈಯುವಂತೆ ನಡೆದುಕೊಂಡವನು ನಾನೇ’ ಎಂಬ ಒಪ್ಪಿಗೆ ಇಣುಕುತ್ತದೆ. ಮೇಷ್ಟರು ನನ್ನನ್ನು ಬೈದರು ಎನ್ನುವ ಹುಡುಗನಿಗೂ, ಮೇಷ್ಟರಿಂದ ಬೈಸಿಕೊಂಡೆ ಎನ್ನುವ ಹುಡುಗನಿಗೂ ವ್ಯತ್ಯಾಸವಿದೆ. ಎರಡನೆಯವನಿಗೆ ಕನ್ನಡ ಚೆನ್ನಾಗಿ ಬಂದಿದೆ!

ಕೊನೆಯದಾಗಿ ಮರ್ಯಾದೆಯ ಮಾತು. ‘ಇಸು’ ಇದ್ದಲ್ಲಿ ಒಬ್ಬರು ಮೇಲೆ, ಒಬ್ಬರು ಕೆಳಗೆ ಎಂಬ ನೆರಳು ಬೀಳುತ್ತದೆ. ದರ್ಜಿ ಕೈಲಿ ಹೊಲಿಸಿದೆ ಎಂದರೆ ಸರಿ. ‘ತಾತನ ಕೈಲಿ ಕಾಗದ ಬರೆಸಿದೆ’ ಎಂದು ಮೊಮ್ಮಗ ಹೇಳಿದರೆ ಹಿರಿಯರ ಹುಬ್ಬು ಮೇಲೇರುತ್ತದೆ. ‘ತಾತನನ್ನು ಕೇಳಿ ಬರೆಸಿಕೊಂಡೆ’ ಎಂದರೆ ಆ ಒರಟು ಹೋಗುತ್ತದೆ. ‘ತಾತ ನನಗೆ ಬರೆದುಕೊಟ್ಟರು’ ಎಂದರೆ ಇನ್ನೂ ಚೆನ್ನ. ಹಿರಿಯರು ಮಾಡಿದ್ದನ್ನು ನಾವು ಮಾಡಿಸಿದ್ದೆಂದು ಹೇಳಿಕೊಳ್ಳದೆ, ಅವರು ಕೊಟ್ಟರೆಂದು ಹೇಳುವುದು ನಮ್ಮ ರೀತಿ. ನಮ್ಮ ಸಂಘದ ವರದಿಗಳಲ್ಲಿ ‘ಮುಖ್ಯ ಅತಿಥಿಗಳ ಅಮೃತಹಸ್ತದಿಂದ ಬಹುಮಾನ ಕೊಡಿಸಲಾಯಿತು’ ಎಂದು ಬರುತ್ತದಲ್ಲ, ಆ ಅಮೃತಹಸ್ತ ಬೇರೆ ಏನೂ ಅಲ್ಲ. ದರ್ಜಿಯ ‘ಕೈಲಿ’ ಎಂಬುದೇ ಪೇಟ ಸುತ್ತಿ ಶಾಲು ಹೊದೆದು ವೇದಿಕೆ ಹತ್ತಿದೆ.

ಆ ಹುಡುಗಿ ಇದನ್ನೆಲ್ಲ ಕೇಳಿ, ಎರಡನೆಯ ಕಾಗದವನ್ನು ತಾನೇ ಬರೆದಳು. ನಾನು ತಿದ್ದಲಿಲ್ಲ. ಅದನ್ನು ಓದಿ ನನ್ನ ಮಾತು ಮುಗಿಸುತ್ತೇನೆ.

“ಅಜ್ಜಿಗೆ ನಮಸ್ಕಾರಗಳು. ಅಪ್ಪ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಹಲ್ಲು ಕೀಳಿಸಿದರು. ಅಮ್ಮ ದರ್ಜಿ ಕೈಲಿ ರೇಷ್ಮೆ ಲಂಗ ಹೊಲಿಸಿಕೊಟ್ಟಳು. ಮನೆಗೆ ಬಣ್ಣ ಹೊಡೆಸಿದೆವು. ಹೊಸ ಟೀಚರು ಇತಿಹಾಸ ಚೆನ್ನಾಗಿ ಕಲಿಸುತ್ತಾರೆ. ನಿನ್ನೆ ನನ್ನ ಕೈಲಿ ಪಾಠ ಓದಿಸಿದರು. ಬಜಾರಿನಲ್ಲಿ ಅಮ್ಮನ ಪರ್ಸು ಕಳವಾಯಿತು. ಅದರಲ್ಲಿ ಹೆಚ್ಚು ಹಣವಿರಲಿಲ್ಲ. ನೀನು ಕಳುಹಿಸಿದ ಹಣದಲ್ಲಿ ಅಪ್ಪ ನಿನಗೇ ಕನ್ನಡಕ ಮಾಡಿಸಿಕೊಡುತ್ತಾರಂತೆ. ಹಿಂದಿನ ಕಾಗದದಿಂದ ನಾನು ಎಲ್ಲರ ಕೈಲಿ ಬೈಸಿಕೊಂಡೆ. ಈ ಕಾಗದವನ್ನು ಯಾರ ಕೈಲೂ ಬರೆಸಿಲ್ಲ, ನಾನೇ ಬರೆದಿದ್ದೇನೆ. ಇಂತಿ ನಿನ್ನ ಮೊಮ್ಮಗಳು.”